ನಾಲ್ಕನೇ ಗುಡ್ಡೆ

ಅಪ್ಪನ ವೈಕುಂಠ ಸಮಾರಾಧನೆ ಮುಗಿದು ತಿಂಗಳಾದ ಮೇಲೆ ಅಕ್ಕ, ನಾನು, ತಮ್ಮ ರಾಜಾಜಿನಗರದ ಮನೆ ಖಾಲಿ ಮಾಡಲು ಸೇರಿದೆವು. ಅಕ್ಕ ಹಾಲ್‌ನಲ್ಲಿ ಸೀಮೆಸುಣ್ಣದಿಂದ ಮೂರು ಚೌಕ ಬರೆದಳು: ಇಟ್ಟುಕೊಳ್ಳುವುದು, ಮಾರುವುದು, ದಾನ. ಅಪ್ಪನ ವಾಕರ್‌ ಮಾತ್ರ ಚರ್ಚೆಯಿಲ್ಲದೆ ಪಕ್ಕದ ಬೀದಿಯ ಅಜ್ಜಿಯ ಮನೆ ಸೇರಿತು. ಉಳಿದದ್ದೆಲ್ಲ ಮೊದಲ ಚೌಕದಲ್ಲೇ ಬೆಳೆಯುತ್ತ ಹೋಯಿತು.

ಎರಡನೇ ದಿನ ಗುಜರಿಯವನನ್ನು ಕರೆಸಿದೆವು. ಅವನು ಮೊದಲು ಜೇಬಿನಿಂದ ತೆಗೆದದ್ದು ಅಯಸ್ಕಾಂತ. ಹಿತ್ತಾಳೆಗೆ ಅದು ಅಂಟುವುದಿಲ್ಲ. ತಲೆಮಾರುಗಳ ಹಿತ್ತಾಳೆ ಎಂದು ತಮ್ಮ ಕಣ್ಣಿಟ್ಟಿದ್ದ ದೀಪದ ಕಂಬಕ್ಕೆ ಟಪ್ಪೆಂದು ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ತಮ್ಮ ಅದನ್ನು ಉದಾರವಾಗಿ ಅಕ್ಕನಿಗೆ ಬಿಟ್ಟುಕೊಟ್ಟ.

ಗುಜರಿಯವನ ತಕ್ಕಡಿಯ ಮೇಲೆ ನನಗೆ ಅನುಮಾನ. ಅಡುಗೆಮನೆಯ ಖಾಲಿ ಸಿಲಿಂಡರ್‌ ತಂದಿಟ್ಟೆ. ಖಾಲಿ ತೂಕ ಅದರ ಕೊರಳಲ್ಲೇ ಬರೆದಿರುತ್ತದಲ್ಲ! ಎರಡು ಕೆಜಿ ಕಡಿಮೆ ತೋರಿಸಿತು. ಅಡಿಯಲ್ಲಿ ಕಲ್ಲು ಸಿಕ್ಕಿದೆ ಎಂದು ಅವನು ತಕ್ಕಡಿಯನ್ನು ಎತ್ತಿ ಒದರಿದ. ಕಲ್ಲೇನೂ ಬೀಳಲಿಲ್ಲ, ತೂಕ ಮಾತ್ರ ಸರಿಯಾಯಿತು.

ಕೊನೆಗೆ ಬಚ್ಚಲಮನೆಯ ಹಂಡೆ. ಮಸಿ ಹಿಡಿದು ಕಾಗೆಗಿಂತ ಕಪ್ಪಾಗಿತ್ತು. ಒಂಬತ್ತು ಕೆಜಿ ತೂಗಿತು.

"ಹಿತ್ತಾಳೆ ಸಾರ್‌, ಕೆಜಿಗೆ 450. ನಾಲ್ಕು ಸಾವಿರದ ಐವತ್ತು."

ಅಕ್ಕ ಮಾತಾಡದೆ ಒಳಗೆ ಹೋಗಿ ಒಂದು ಮುಷ್ಟಿ ಹುಣಸೆಹಣ್ಣು ತಂದು ಅಂಚನ್ನು ಉಜ್ಜಿದಳು. ಹಿತ್ತಾಳೆಯಾಗಿದ್ದರೆ ಹಳದಿ ಕಾಣಬೇಕಿತ್ತು. ಕೆಂಪು ಕಂಡಿತು. ತಾಮ್ರ! ಗುಜರಿಯವನ ಮುಖ ಹಂಡೆಯ ಬಣ್ಣಕ್ಕೆ ತಿರುಗಿ, ದರ 700 ಆಯಿತು. ಒಟ್ಟು ಆರು ಸಾವಿರದ ಮುನ್ನೂರು. ಮೂರು ಬೆರಳುಜ್ಜಿಗೆ ಎರಡೂಕಾಲು ಸಾವಿರ ಲಾಭ ಬಂದ ಖುಷಿಗೆ ಅಕ್ಕ ಇನ್ನೂ ಉಜ್ಜಿದಳು. ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಎದ್ದವು.

ಅದು ನಮ್ಮ ಮನೆತನದ ಹೆಸರಲ್ಲ, ಹಿಂದೆ ಎದುರುಮನೆಯಲ್ಲಿದ್ದವರದು. ಅಕ್ಕನ ಮದುವೆಗೆ ಎರವಲು ತಂದ ಹಂಡೆ ಮೂವತ್ತೆಂಟು ವರ್ಷ ನಮ್ಮ ಬಚ್ಚಲಲ್ಲಿ ನೀರು ಕಾಯಿಸಿತ್ತು. ತಾನು ಕೊಟ್ಟ ಪೆನ್ನನ್ನು ವರ್ಷ ಕಳೆದರೂ ನೆನಪಿಟ್ಟು ವಾಪಸ್‌ ಕೇಳುತ್ತಿದ್ದ ಅಪ್ಪ, ದಿನವೂ ಕಣ್ಣಮುಂದಿದ್ದ ಒಂಬತ್ತು ಕೆಜಿ ತಾಮ್ರವನ್ನು ಮರೆತಿದ್ದರು.

"ಉಜ್ಜಬಾರದಿತ್ತು" ಎಂದ ತಮ್ಮ.

ಅಕ್ಕ ಸೀಮೆಸುಣ್ಣ ತೆಗೆದುಕೊಂಡು ನಾಲ್ಕನೇ ಚೌಕ ಬರೆದಳು: ವಾಪಸ್‌. ಅವರೀಗ ಕೆಂಗೇರಿಯಲ್ಲಿದ್ದಾರೆಂದು ವಿಚಾರಿಸಿ, ನಾಚುತ್ತಲೇ ಫೋನ್‌ ಮಾಡಿದೆ. ಆ ಮನೆಯ ಮಗಳು ನಕ್ಕುಬಿಟ್ಟರು.

"ಅಯ್ಯೋ, ತಂದುಕೊಡಿ. ಹಾಗೇ ನಿಮ್ಮಮ್ಮನ ಹೆಸರಿರೋ ಎರಡು ಕೊಳದಪ್ಪಲೆ ನಮ್ಮ ಅಟ್ಟದಲ್ಲಿವೆ, ತಗೊಂಡು ಹೋಗಿ. ನಾವೂ ಮನೆ ಖಾಲಿ ಮಾಡಬೇಕು."