ಪೇಪರು ಹೊರಗೆ, ಸ್ಟೂಲು ಒಳಗೆ

ನಮ್ಮ ಹಿರಿಯ ನಾಗರಿಕರ ಸಂಘದಲ್ಲಿ ಗೀತೋಪನ್ಯಾಸಕ್ಕೆ ಮುಂದಿನ ಸಾಲು ತುಂಬಿದರೆ ಹೆಚ್ಚು. ಮಲಬದ್ಧತೆಯ ಬಗ್ಗೆ ಡಾಕ್ಟರಮ್ಮ ಮಾತಾಡುತ್ತಾರೆಂದು ಬೋರ್ಡಿನಲ್ಲಿ ಬರೆದ ದಿನ ಮಾತ್ರ ಪಕ್ಕದ ಗುಡಿಯಿಂದ ಜಮಖಾನ ತರಿಸಬೇಕಾಯಿತು.

"ದಿನಾ ಆಗಲೇಬೇಕು ಅಂತೇನಿಲ್ಲ. ದಿನಕ್ಕೆ 3 ಸಲ ಆದರೂ ಸರಿ, ವಾರಕ್ಕೆ 3 ಸಲ ಆದರೂ ಸರಿ. ಗಟ್ಟಿಯಾಗಿ, ತಿಣುಕಬೇಕಾಗಿ ಬಂದರೆ ತೊಂದರೆ" ಎಂದರು. ಒಂದು ದಿನ ತಪ್ಪಿದರೆ ಮನೆಮಂದಿಯ ಮೇಲೆಲ್ಲ ಹರಿಹಾಯುವ ನಮ್ಮ ಖಜಾಂಚಿಗಳ ಮುಖ ಸಪ್ಪಗಾಯಿತು. ಸಿಡುಕಲು ಇದ್ದ ಕಾರಣವೂ ಹೋಯಿತಲ್ಲ!

ಆಗ ಮಂಡಿ ಆಪರೇಷನ್ ಆದ ಹೆಡ್‌ಮಾಸ್ತರು ಎದ್ದರು. "ದಿನಾ ರಾತ್ರಿ ಎರಡು ಚಮಚ ಇಸಬ್‌ಗೋಲ್ ತಗೋತೀನಮ್ಮ. ಆದರೂ ಕಲ್ಲು."

"ಎಷ್ಟು ನೀರಲ್ಲಿ, ಮೇಷ್ಟ್ರೇ?"

"ಎರಡು ಗುಟುಕು. ರಾತ್ರಿ ಏಳಬೇಕಾಗುತ್ತಲ್ಲ!"

ಡಾಕ್ಟರಮ್ಮ ಒಂದು ಲೋಟಕ್ಕೆ ಇಸಬ್‌ಗೋಲ್ ಹಾಕಿ ಚೂರೇ ನೀರು ಬಿಟ್ಟು ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಅದು ಅಂಟಿನ ಮುದ್ದೆಯಾಗಿ, ಲೋಟ ಬೋರಲು ಹಾಕಿದರೂ ಬೀಳಲಿಲ್ಲ. ನೀರು ಸಾಲದಿದ್ದರೆ ಗಂಟಲಲ್ಲೋ ಕರುಳಲ್ಲೋ ಇದೇ ಗತಿ. ತುಂಬಿದ ಲೋಟ ನೀರಲ್ಲಿ ಕಲಸಿ ಕೂಡಲೇ ಕುಡಿಯಬೇಕು. ಮಲಗುವ ಹೊತ್ತಿಗೆ ಬೇಡ, ಹಗಲಲ್ಲೇ ಮುಗಿಸಬಹುದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಹೃದಯದ, ಕಿಡ್ನಿಯ ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಮೊದಲು ಅವರನ್ನು ಕೇಳಬೇಕು.

ಮೇಷ್ಟ್ರ ಮಾತ್ರೆ ಚೀಲ ಬಿಚ್ಚಿಸಿದಾಗ ಕಬ್ಬಿಣ, ಕ್ಯಾಲ್ಸಿಯಂ, ನೋವಿಗೆಂದು ಟ್ರಮಡಾಲ್ ಬಂದವು. ಮೂರೂ ಮಲ ಬಿಗಿಯುವಂಥವೇ. ಹಾಗೆಂದು ತಾವೇ ನಿಲ್ಲಿಸಬಾರದು, ಬರೆದುಕೊಟ್ಟವರಿಗೇ ತೋರಿಸಬೇಕು.

"ವಾಕಿಂಗ್ ಇದೆಯಾ?" ಇದೆ ಎಂದರು. ಪಾರ್ಕಿನ ಗೇಟಿನಿಂದ ಮೊದಲನೇ ಬೆಂಚಿನವರೆಗೆ ಎಂಬುದನ್ನು ನಾವ್ಯಾರೂ ಬಾಯಿಬಿಡಲಿಲ್ಲ.

ಮೇಷ್ಟ್ರು ಕಾಫಿಗೂ ಮುಂಚೆ, ನಸುಕಿನಲ್ಲೇ ಪೇಪರು ಹಿಡಿದು ಒಳಗೆ ಹೋದರೆ ಸಂಪಾದಕೀಯ ಮುಗಿಸಿಯೇ ಹೊರಬರುವವರು. ಅದು ತಿರುಗುಮುರುಗು ಕ್ರಮವಂತೆ. ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ತಾನಾಗಿ ಅಲುಗುತ್ತದೆ. ಬೆಳಗ್ಗೆ ಇದು ಜೋರು. ಹಾಗಾಗಿ ನಡೆದು ಬಂದು, ಕಾಫಿ ತಿಂಡಿ ಮುಗಿಸಿ, ಆಮೇಲೆ ಹೋಗಬೇಕು. ಕಮೋಡಿನಲ್ಲಿ ಕಾಲಡಿಗೆ ಗಿಡ್ಡ ಸ್ಟೂಲಿಟ್ಟು ಸ್ವಲ್ಪ ಮುಂದಕ್ಕೆ ಬಾಗಿದರೆ ದಾರಿ ನೇರವಾಗುತ್ತದೆ. ಹೊಸ ಮಂಡಿಯವರು ಎಷ್ಟು ಮಡಚಬಹುದೆಂದು ಆಪರೇಷನ್ ಮಾಡಿದವರನ್ನು ಕೇಳಿ, ಸ್ಟೂಲು ಎಡವದಂತೆ ಇಡಬೇಕು. ತಿಣುಕುವಾಗ ತಲೆಸುತ್ತಿ ಬೀಳುವುದುಂಟು, ಚಿಲಕ ಹಾಕದಿರುವುದೇ ಲೇಸು.

ಒಂದು ಮಾತನ್ನು ಮಾತ್ರ ನಗದೆ ಹೇಳಿದರು. ಕೆಲವು ದಿನ ಕಟ್ಟಿಕೊಂಡು ಆಮೇಲೆ ನೀರುನೀರಾಗಿ ಸೋರಿದರೆ ಅದನ್ನು ಭೇದಿಯೆಂದು ತಿಳಿದು ನಿಲ್ಲಿಸುವ ಮಾತ್ರೆ ನುಂಗಬಾರದು. ಒಳಗಿನ ಗಟ್ಟಿಯ ಪಕ್ಕದಿಂದ ಸೋರುತ್ತಿರಬಹುದು. ರಕ್ತ ಕಂಡರೆ, ತೂಕ ಇಳಿದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಹೊಟ್ಟೆ ಉಬ್ಬಿ ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಆಗಲೇ ಆಸ್ಪತ್ರೆಗೆ.

ಕೊನೆಗೆ ಮೇಷ್ಟ್ರ ಮನೆಯವರು ಎದ್ದು, "ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು ಅಂತ ಚೀಟಿಯಲ್ಲಿ ಬರೆದುಕೊಡಿ ಡಾಕ್ಟ್ರೇ, ನಮ್ಮನೇಲಿರೋದು ಒಂದೇ ಟಾಯ್ಲೆಟ್ಟು" ಎಂದರು. ಡಾಕ್ಟರಮ್ಮ ಬರೆದು ಸಹಿ ಹಾಕಿ, ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಪೇಪರು ಮೊದಲು ಹೆಂಡತಿಗೆ.