ಹಾಸಿಗೆ ಮೇಲಿನ ನಕಾಶೆ

ಮಗು ಹಾಸಿಗೆ ಒದ್ದೆ ಮಾಡಿತೆಂದರೆ ಅಜ್ಜಿ ಊದುಬತ್ತಿ ಹಚ್ಚುತ್ತಾರೆ, ಅಪ್ಪ ಸೆಂಟು ಹೊಡೆಯುತ್ತಾರೆ. ಕೋಣೆಯಲ್ಲಿ ಮಲ್ಲಿಗೆಯೂ ಉಚ್ಚೆಯೂ ಜೋಡಿಯಾಗಿ ಘಮಘಮ. ಅಮ್ಮ ಬಟ್ಟೆ ಹಿಡಿದು ಗಸಗಸ ಉಜ್ಜಿದಷ್ಟೂ ಅದು ಫೋಮಿನ ಹೊಟ್ಟೆಗೆ ಇಳಿಯುತ್ತದೆ. ಉಜ್ಜಬಾರದು, ಒತ್ತಬೇಕು. ಒಣ ಟವೆಲ್ ಹಾಸಿ ಮನೆಯ ಅತಿ ತೂಕದವರನ್ನು ಅದರ ಮೇಲೆ ನಿಲ್ಲಿಸಿ. ಅವರೂ ಒಂದು ಕೆಲಸಕ್ಕೆ ಬಂದಂತಾಯಿತು.

ಆಮೇಲೆ ಬಿಳಿ ವಿನೆಗರಿಗೆ ಅಷ್ಟೇ ತಣ್ಣೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಕೊನೆಗೆ ಅಡುಗೆ ಸೋಡಾ ದಪ್ಪಗೆ ಉದುರಿಸಿ, ರಾತ್ರಿಯಿಡೀ ಬಿಟ್ಟು ಗುಡಿಸಿ. ಎರಡನ್ನೂ ಒಟ್ಟಿಗೆ ಸುರಿದರೆ ನೊರೆ ಉಕ್ಕುತ್ತದೆ, ಮಕ್ಕಳಿಗೆ ಖುಷಿ. ಆದರೆ ಹುಳಿಯೂ ಸೋಡಾವೂ ಒಂದನ್ನೊಂದು ಕೊಂದುಕೊಂಡು ನಮಗೇನೂ ಉಳಿಯುವುದಿಲ್ಲ.

ಒಣಗಿದ ಮೇಲೆ ವಾಸನೆ ಹೋಯಿತೆಂದು ಬೀಗಬೇಡಿ. ಉಚ್ಚೆಯ ಯೂರಿಕ್ ಆಮ್ಲ ನೀರಿಗೆ ಸುಲಭವಾಗಿ ಕರಗದೆ ಹರಳುಗಟ್ಟಿ ಕೂತಿರುತ್ತದೆ. ಆಷಾಢದ ಥಂಡಿ ತಾಗಿದ್ದೇ ತಡ, ಹಳೆ ಸಾಲಗಾರನಂತೆ ವಾಸನೆ ಮತ್ತೆ ಹಾಜರು. ಬೆಕ್ಕಿನದ್ದಾದರೆ ಇನ್ನೂ ಹಟಮಾರಿ. ಇದಕ್ಕೆ ಸಾಕುಪ್ರಾಣಿ ಅಂಗಡಿಯ ಎಂಜೈಮ್ ದ್ರಾವಣವೇ ಸರಿ. ಉಚ್ಚೆ ಇಳಿದಷ್ಟು ಆಳಕ್ಕೆ ಅದೂ ಇಳಿಯಬೇಕು, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ಫ್ಯಾನ್ ಹಾಕುವುದು ಆಮೇಲೆ.

ಇಷ್ಟರಲ್ಲಿ ಚಿಕ್ಕಪ್ಪ ಬ್ಲೀಚಿಂಗ್ ಪೌಡರ್ ಹಿಡಿದು ಬಂದರೆ ಬಾಗಿಲಲ್ಲೇ ತಡೆಯಿರಿ. ಅದು ಉಚ್ಚೆಯ ಅಮೋನಿಯಾದ ಜೊತೆ ಸೇರಿದರೂ, ವಿನೆಗರಿನ ಜೊತೆ ಸೇರಿದರೂ ಏಳುವುದು ವಿಷದ ಗಾಳಿ.