ಸ್ಟಾಪ್‌ವಾಚ್ ಅಪ್ಪ

ಮಗುವಿನ ಕೈಗೆ ಒಂದು ಚಿತ್ರ ಕೊಟ್ಟು, "ಇದರ ಬಗ್ಗೆ ಒಂದು ನಿಮಿಷ ಮಾತಾಡು" ಎನ್ನುವ ಮೌಖಿಕ ಪರೀಕ್ಷೆ ಹತ್ತಿರ ಬಂದಾಗ ರಾಮನಗರ, ಚನ್ನಪಟ್ಟಣದ ಸೀಮೆಯಲ್ಲಿ ಕಾಣಿಸಿಕೊಳ್ಳುವ ಜೀವಿಯೇ ಸ್ಟಾಪ್‌ವಾಚ್ ಅಪ್ಪ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಮಗನ ಹೆಗಲು. ಪರೀಕ್ಷೆ ಮಗನದು, ಬೆವರು ಅಪ್ಪನದು.

ಇವನ ಆಸ್ತಿ ಐದು ಆರಂಭಗಳ ಒಂದು ಚೌಕಟ್ಟು: "ಇದು ... ಚಿತ್ರ", "ನಡುವೆ ...", "ಎಡಕ್ಕೆ ..., ಬಲಕ್ಕೆ ...", "ಬಹುಶಃ ...", "ಇದನ್ನು ನೋಡಿದರೆ ನನಗೆ ...". ಚೌಕಟ್ಟಿನಲ್ಲಿ ದೋಷವಿಲ್ಲ. ಮಗು ಅವಸರ ಮಾಡದೆ ಮಾತಾಡಿದರೆ ಒಂದು ವಾಕ್ಯಕ್ಕೆ ಐದಾರು ಸೆಕೆಂಡು ಹಿಡಿಯುತ್ತದೆ. ಒಂದೊಂದು ಆರಂಭಕ್ಕೆ ಎರಡೆರಡು ವಾಕ್ಯ, ಮೊದಲನೆಯದರಲ್ಲಿ ಏನಿದೆ, ಎರಡನೆಯದರಲ್ಲಿ ಅದು ಏನು ಮಾಡುತ್ತಿದೆ ಎಂದು ಹೇಳಿದರೆ ನಿಮಿಷ ತಾನಾಗಿ ತುಂಬುತ್ತದೆ. ಅಪ್ಪ ಮರೆಯುವುದು ಈ ಎರಡನೆಯ ವಾಕ್ಯವನ್ನೇ. ಮರ ಇದೆ, ಮನೆ ಇದೆ, ಹಸು ಇದೆ ಎಂದು ಮಗು ದಿನಸಿ ಚೀಟಿ ಓದಿದಂತೆ ಓದಿ ಇಪ್ಪತ್ತೇ ಸೆಕೆಂಡಿಗೆ ಬಾಯಿ ಮುಚ್ಚುತ್ತದೆ. ಉಳಿದ ನಲವತ್ತಕ್ಕೆ ಅಪ್ಪ "ಸುಂದರವಾದ" ಎಂಬ ಪದವನ್ನು ತುರುಕುತ್ತಾನೆ. ಮರ ಸುಂದರ, ಮನೆ ಸುಂದರ, ಹಸುವೂ ಸುಂದರ.

ಊರಿಗೊಂದು ಉಪಜಾತಿಯೂ ಇದೆ. ಮಾಗಡಿಯ ಅಪ್ಪನಿಗೆ ಚಿತ್ರದಲ್ಲಿರುವ ಬೆಟ್ಟವೆಲ್ಲ ಸಾವನದುರ್ಗ. ಕನಕಪುರದವನಿಗೆ ನೀರು ಕಂಡಲ್ಲೆಲ್ಲ ಮೇಕೆದಾಟು. ರಾಮನಗರದವನು ಬಂಡೆ ಕಂಡರೆ ಮಗನ ನಿಮಿಷವನ್ನು ತಾನೇ ಕಸಿದುಕೊಂಡು, 1975ರ 'ಶೋಲೆ'ಯ ಚಿತ್ರೀಕರಣ ಎಲ್ಲಿ ನಡೆಯಿತೆಂದು ಹೇಳಲು ಶುರುಮಾಡುತ್ತಾನೆ.

ಚನ್ನಪಟ್ಟಣದ ಮಾದರಿ ಬಸ್ಸಿನಲ್ಲಿ ಸಿಗುತ್ತದೆ. ಕೆಂಗೇರಿಯಲ್ಲಿ ಹತ್ತಿದ ಒಬ್ಬ ಅಪ್ಪ ಕಿಟಕಿಯಾಚೆಯ ಬೋರ್ಡುಗಳನ್ನೆಲ್ಲ ಪ್ರಶ್ನೆಪತ್ರಿಕೆ ಮಾಡಿಕೊಂಡಿದ್ದ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಬೋರ್ಡು ಬಂತು. "ಶುರು ಮಾಡ್ಲಾ ಮಗ!" ಎಂದು ಮೊಬೈಲು ಒತ್ತಿದ. "ಇದು ಸುಂದರವಾದ ಇಡ್ಲಿಯ ಚಿತ್ರ. ನಡುವೆ ಇಡ್ಲಿ ಇದೆ. ಎಡಕ್ಕೆ ಚಟ್ನಿ ಇದೆ. ಬಹುಶಃ..." ಮಗು ನಿಂತಿತು. "ಬಹುಶಃ ಏನ್ಲಾ?" "ಬಹುಶಃ ಹಸಿವಾಯ್ತದೆ ಅಪ್ಪಾಜಿ." ಇಡೀ ಬಸ್ಸಿನಲ್ಲಿ ಆ ಹೊತ್ತಿಗೆ ಬಂದ ಅತ್ಯಂತ ಪ್ರಾಮಾಣಿಕ ವಾಕ್ಯ ಅದು. ಅಪ್ಪ ಮಾತ್ರ ಅದನ್ನು ತಪ್ಪೆಂದು ಹೊಡೆದುಹಾಕಿ ಗಡಿಯಾರವನ್ನು ಸೊನ್ನೆಗೆ ತಂದ. ಪಕ್ಕದ ಸೀಟಿನಲ್ಲಿ ಪೇಪರು ಮುಖಕ್ಕೆ ಹಿಡಿದು ಕೂತಿದ್ದ ಪ್ರಯಾಣಿಕನೊಬ್ಬ, ಬಿ.ಎ. ಓದಿದವನು, ಅದೇ ಇಡ್ಲಿಯನ್ನು ಮನಸ್ಸಿನಲ್ಲೇ ವರ್ಣಿಸಲು ಹೋಗಿ ಹದಿನೆಂಟು ಸೆಕೆಂಡಿಗೆ ಸೋತ. ಆತನ ಹೆಸರು ಇಲ್ಲಿ ಬೇಡ.

ಬಾಯಿಪಾಠವನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ. ನೋಡಿ ಹೇಳುವ ಮಗುವಿನ ಕಣ್ಣು ಚಿತ್ರದ ಮೇಲೆ ಓಡಾಡುತ್ತದೆ, ಉರುಹೊಡೆದದ್ದರ ಕಣ್ಣು ಸೂರಿಗೆ ನೆಟ್ಟಿರುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಯ ಚಿತ್ರ ಕೈಯಲ್ಲಿದ್ದರೂ ಸೂರು ನೋಡುವ ಮಗು "ಉದ್ಯಾನವನದಲ್ಲಿ ಮಕ್ಕಳು ಆಡುತ್ತಿದ್ದಾರೆ, ಹಕ್ಕಿಗಳು ಹಾರುತ್ತಿವೆ" ಎಂದೇ ಹೇಳುತ್ತದೆ.

ಅದೇ ಚಿತ್ರವನ್ನು ಹಿಪ್ಪುನೇರಳೆ ತೋಟವಿರುವ ಮನೆಯ ಹುಡುಗಿ ಹೇಳುವ ಬಗೆ ಬೇರೆ. ಮೊದಲ ಐದು ಸೆಕೆಂಡು ಸುಮ್ಮನೆ ನೋಡುತ್ತಾಳೆ. "ಇದು ಗೂಡಿನ ಮಾರುಕಟ್ಟೆ. ಇಲ್ಲಿ ಹರಾಜು ನಡೀತಾ ಇದೆ. ನಡುವೆ ಒಬ್ಬ ರೈತರು ನಿಂತಿದ್ದಾರೆ. ಅವರು ಚೀಲದಿಂದ ಗೂಡು ಸುರೀತಾ ಇದಾರೆ. ಎಡಕ್ಕೆ ರೀಲರ್ ಇದಾರೆ. ಅವರು ಒಂದು ಗೂಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾ ಇದಾರೆ, ಒಳಗಿನ ಹುಳ ಸದ್ದು ಮಾಡ್ತದಾ ಅಂತ. ಬಲಕ್ಕೆ ಒಬ್ಬ ತಾತ ಚೀಲ ಮಡಚ್ತಾ ಇದಾರೆ." ಇಷ್ಟಕ್ಕೆ ಮುಕ್ಕಾಲು ನಿಮಿಷ. "ಬಹುಶಃ ಅವರಿಗೆ ಬೆಲೆ ಸಾಕಾಗಿಲ್ಲ, ಮುಖ ನೋಡಿ." ಇಲ್ಲಿ ಊಹೆಗೆ ಚಿತ್ರದೊಳಗಿನ ಆಧಾರವಿದೆ. "ಬಹುಶಃ" ಎಂಬ ಪದ ಚೌಕಟ್ಟಿನಲ್ಲಿರುವುದೇ ಇದಕ್ಕೆ. ನಡುವೆ ಮಾತು ನಿಂತರೆ ಅವಳು ಬೆರಳನ್ನು ಚಿತ್ರದ ಮುಂದಿನ ಮೂಲೆಗೆ ಸರಿಸುತ್ತಾಳೆ, ಅಲ್ಲಿ ಹೇಳುವಂಥದ್ದು ಏನಾದರೊಂದು ಇದ್ದೇ ಇರುತ್ತದೆ.

ಚೌಕಟ್ಟಿಗೂ ಮಿತಿಯಿದೆ. ಒಂದೇ ಒಂದು ಹೂವಿನ ಚಿತ್ರ ಬಂದರೆ ಎಡ ಬಲ ಎರಡೂ ಖಾಲಿ. ಆಗ ಬಣ್ಣ, ಆಕಾರ, ಅದನ್ನು ಮೊದಲು ಕಂಡ ಜಾಗ ಇವನ್ನು ಹಿಡಿಯಬೇಕು.

ಚನ್ನಪಟ್ಟಣದಲ್ಲಿ ಆ ಅಪ್ಪ ಇಳಿದ. ಗೊಂಬೆ ಅಂಗಡಿಯ ಮುಂದೆ ಮಗು ಕಟ್ಟಿಗೆಯ ಕುದುರೆ ನೋಡುತ್ತಾ ನಿಂತುಬಿಟ್ಟಿತು. ಅರಗಿನ ಬಣ್ಣ ಎಲ್ಲಿ ಮುಗಿದು ಎಲ್ಲಿ ಮತ್ತೊಂದು ಶುರುವಾಗುತ್ತದೆ, ಬಾಲ ಎಲ್ಲಿ ಅಂಟಿದೆ, ಚಕ್ರ ಯಾಕೆ ಓರೆಯಾಗಿದೆ, ಎಲ್ಲವನ್ನೂ ಅಪ್ಪನಿಗೆ ತೋರಿಸಿ ಹೇಳುತ್ತಲೇ ಇತ್ತು. ಅಪ್ಪ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಬಸ್ಸು ಹೊರಟಾಗಲೂ ಮಾತು ಮುಗಿದಿರಲಿಲ್ಲ, ಮೊಬೈಲು ಜೇಬಿನಲ್ಲೇ ಇತ್ತು.